ಬುಕಿಂಗ್ ಲಿಂಕ್ ಕಳಿಸಿದ್ದಕ್ಕೆ ಹಳೇ ಪೇಷಂಟ್‌ಗಳಿಗೆ ಬೇಜಾರು. ಮೆಸೇಜ್ ಹೇಗೆ ಬರೆಯಬೇಕಿತ್ತು?

ಒಂದೇ_ಚೇರು

ನಮ್ಮಪ್ಪನದು ದಾವಣಗೆರೆಯಲ್ಲಿ ಸಣ್ಣ ಹಲ್ಲಿನ ಕ್ಲಿನಿಕ್. ಒಂದೇ ಚೇರು. ಅಪ್ಪ ಮತ್ತು ಒಬ್ಬರು ಅಸಿಸ್ಟೆಂಟ್ ಅಕ್ಕ, ಅಷ್ಟೇ ಜನ. ಫೋನ್ ಎತ್ತುವುದೂ ಅಕ್ಕನೇ, ಅಪ್ಪನ ಪಕ್ಕ ನಿಂತು ಸಕ್ಷನ್ ಹಿಡಿಯುವುದೂ ಅಕ್ಕನೇ. ಸಂಜೆ ಹೊತ್ತು ಫೋನ್ ಬಡಿದುಕೊಳ್ಳುತ್ತಲೇ ಇರುತ್ತದೆ. ಗ್ಲೌಸ್ ತೆಗೆಯಬೇಕು, ಫೋನ್ ಎತ್ತಬೇಕು, ಡೈರಿ ತಿರುವಬೇಕು, ಮತ್ತೆ ಹೊಸ ಗ್ಲೌಸ್ ಹಾಕಬೇಕು. ಅಷ್ಟರಲ್ಲಿ ಚೇರ್ ಮೇಲಿರುವವರು ಬಾಯಿ ತೆರೆದುಕೊಂಡೇ ಕಾಯುತ್ತಿರುತ್ತಾರೆ.

ಅದಕ್ಕೆ ನಾನು ಗೂಗಲ್ ಕ್ಯಾಲೆಂಡರ್‌ನಲ್ಲಿ ಒಂದು ಬುಕಿಂಗ್ ಪೇಜ್ ಮಾಡಿದೆ. ಹದಿನೈದು ಹಳೇ ಪೇಷಂಟ್‌ಗಳಿಗೆ ಕ್ಲಿನಿಕ್ ವಾಟ್ಸಾಪ್‌ನಿಂದ ಇದನ್ನು ಕಳಿಸಿದೆ:

"ಗೌರವಾನ್ವಿತ ರೋಗಿಗಳೇ, ಇನ್ನು ಮುಂದೆ ಅಪಾಯಿಂಟ್‌ಮೆಂಟ್‌ಗಳನ್ನು ಈ ಕೆಳಗಿನ ಲಿಂಕ್ ಮೂಲಕವೇ ಕಾಯ್ದಿರಿಸತಕ್ಕದ್ದು. ಸಹಕರಿಸಿ. ಧನ್ಯವಾದಗಳು."

ಕೆಳಗೆ ಲಿಂಕ್. ಬುಕ್ ಮಾಡಿದವರು ಇಬ್ಬರು. ಅವರಲ್ಲಿ ಒಬ್ಬ ನನ್ನ ಫ್ರೆಂಡು, ಕೆಲಸ ಮಾಡುತ್ತದಾ ಅಂತ ನೋಡಿದ್ದು. ಅಪ್ಪನ ಹತ್ತಿರ ಇಪ್ಪತ್ತು ವರ್ಷದಿಂದ ಬರುವ ರಿಟೈರ್ಡ್ ಮೇಷ್ಟ್ರು ಒಬ್ಬರು ಸೀದಾ ಅಪ್ಪನಿಗೇ ಫೋನ್ ಮಾಡಿ, "ಏನಪ್ಪಾ ಡಾಕ್ಟ್ರೇ, ಇನ್ಮೇಲೆ ನಾವು ಫೋನ್ ಮಾಡಬಾರದಾ?" ಅಂದರಂತೆ. ಅಪ್ಪ ನನಗೆ ಉಗಿದರು.

ಲಿಂಕ್ ಬೇಡ ಅನ್ನಬೇಡಿ, ಅದು ಬೇಕೇ ಬೇಕು. ಮೆಸೇಜ್ ಹೇಗಿರಬೇಕು ಅಂತ ಹೇಳಿ.

ಬೆಣ್ಣೆದೋಸೆ_ಖಾಲಿ

"ಕಾಯ್ದಿರಿಸತಕ್ಕದ್ದು" 😂 ತಾಲ್ಲೂಕು ಆಫೀಸಿನ ನೋಟಿಸ್ ಬೋರ್ಡಿನಿಂದ ಇಳಿಸಿಕೊಂಡು ಬಂದ್ರಾ?

ಒಂದೇ_ಚೇರು

ಮರ್ಯಾದೆಯಾಗಿ ಇರಲಿ ಅಂತ ಬರೆದೆ ಮಾರಾಯ.

ಗಣಿತ_ಮೇಡಂ

ನಿಮ್ಮ ಮೇಷ್ಟ್ರು ಕೇಳಿದ್ದು ಸರಿಯಾಗಿಯೇ ಇದೆ. "ಮೂಲಕವೇ" ಅಂತ ಬರೆದಿದ್ದೀರಿ. ಆ ಒಂದು ಏಕಾರ ಸಾಕು, ಫೋನ್ ಬಾಗಿಲು ಮುಚ್ಚಿತು ಅಂತ ಅರ್ಥ. "ಮೂಲಕವೂ" ಅಂದಿದ್ದರೆ ಅವರು ಫೋನ್ ಮಾಡುತ್ತಲೇ ಇರಲಿಲ್ಲ. ಅಥವಾ ಅಪಾಯಿಂಟ್‌ಮೆಂಟ್ ಬೇಕಾದಾಗ ಮಾಡುತ್ತಿದ್ದರು.

ಇನ್ನೊಂದು, "ಗೌರವಾನ್ವಿತ ರೋಗಿಗಳೇ" ಅಂದರೆ ಯಾರು? ಹಲ್ಲು ಕ್ಲೀನ್ ಮಾಡಿಸುವವನು ರೋಗಿ ಅಲ್ಲ. ಹದಿನೈದೇ ಜನ. ಹೆಸರು ಹಾಕೋಕೆ ಎಷ್ಟು ಹೊತ್ತು?

ಮಲ್ನಾಡ್_ಮಳೆ

ನಮ್ಮದು ಸಕಲೇಶಪುರದ ಹತ್ತಿರ ಹೋಂಸ್ಟೇ. ನಾವು ಲಿಂಕ್ ಕೊಡುತ್ತೇವೆ, ಯಾರೂ ಬೇಜಾರಾಗಿಲ್ಲ. ಮೇಲೆ ಒಂದು ಒಳ್ಳೆ ಫೋಟೋ ಹಾಕಿ, ಮಂಜು, ಕಾಫಿ ತೋಟ, ಬಿಸಿ ಅಕ್ಕಿರೊಟ್ಟಿ. ಜನ ತಾವಾಗೇ ಒತ್ತುತ್ತಾರೆ.

ಬೆಣ್ಣೆದೋಸೆ_ಖಾಲಿ

ಅವರು ಹುಳುಕು ಹಲ್ಲಿನ ಫೋಟೋ ಹಾಕಲಾ?

ಮಲ್ನಾಡ್_ಮಳೆ

ಸುಮ್ನೆ ಹೇಳಿದೆ ಅಷ್ಟೇ.

ಫ್ರಂಟ್‌ಡೆಸ್ಕ್_ಅಕ್ಕ

ಮೈಸೂರಿನ ಒಂದು ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ಒಂಬತ್ತು ವರ್ಷ ಫ್ರಂಟ್ ಡೆಸ್ಕ್ ನೋಡಿಕೊಂಡವಳು ನಾನು. ಡೈರಿಯಿಂದ ಲಿಂಕ್‌ಗೆ ಬಂದದ್ದೂ ನನ್ನ ಕಾಲದಲ್ಲೇ. ನಾವೂ ಮೊದಲು ನಿಮ್ಮ ಥರದ್ದೇ ಮೆಸೇಜ್ ಕಳಿಸಿ ಬೈಸಿಕೊಂಡೆವು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಬೇಜಾರು ಲಿಂಕ್‌ನದ್ದಲ್ಲ. ಮೊದಲು ಫೋನ್ ಮಾಡಿದರೆ ನೀವು ಡೈರಿ ನೋಡಿ "ಗುರುವಾರ ಬನ್ನಿ" ಅನ್ನುತ್ತಿದ್ದಿರಿ. ಕೆಲಸ ನಿಮ್ಮದಾಗಿತ್ತು. ಈಗ ಬರೀ ಲಿಂಕ್ ಕೊಟ್ಟರೆ ಡೈರಿ ಎತ್ತಿ ಅವರ ಕೈಗೆ ಕೊಟ್ಟು "ನೀವೇ ನೋಡಿಕೊಳ್ಳಿ" ಅಂದ ಹಾಗೆ. ಅದಕ್ಕೆ ಮೊದಲು ನಿಮ್ಮ ಪಾಲಿನ ಕೆಲಸ ಮಾಡಿ ತೋರಿಸಿ. ಅಂದರೆ ಎರಡು ಸಮಯ ನೀವೇ ಹುಡುಕಿ ಕೊಡಿ. ಲಿಂಕ್ ಅದಾದ ಮೇಲೆ ಬರಲಿ, ಆ ಎರಡೂ ಆಗದವರಿಗೆ.

ಆ ಮೇಷ್ಟ್ರಿಗೆ ನಾನಾದರೆ ಹೀಗೆ ಬರೆಯುತ್ತಿದ್ದೆ (ಅಕ್ಕನ ಹೆಸರು ಮಂಜುಳಾ ಅಂತಿಟ್ಟುಕೊಳ್ಳಿ):

"ನಮಸ್ಕಾರ ಮೇಷ್ಟ್ರೇ, ಹಲ್ಲಿನ ಕ್ಲಿನಿಕ್‌ನಿಂದ ಮಂಜುಳಾ. ನಿಮ್ಮ ಕ್ಲೀನಿಂಗ್ ಆಗಿ ಆರು ತಿಂಗಳಾಯಿತು, ಡಾಕ್ಟ್ರು ಒಮ್ಮೆ ನೋಡಬೇಕು ಅಂದಿದ್ದರು. ಗುರುವಾರ ಬೆಳಿಗ್ಗೆ 11ಕ್ಕೆ, ಇಲ್ಲಾ ಶುಕ್ರವಾರ ಸಂಜೆ 5:30ಕ್ಕೆ ಬಿಡುವಿದೆ. ಯಾವುದು ಆಗುತ್ತದೆ ಅಂತ ಇಲ್ಲೇ ಒಂದು ಮಾತು ಹಾಕಿ, ನಾನು ಬರೆದುಕೊಳ್ಳುತ್ತೇನೆ.

ಎರಡೂ ಆಗದಿದ್ದರೆ ಬೇರೆ ಯಾವಾಗ ಖಾಲಿ ಇದೆ ಅಂತ ಇದರಲ್ಲಿ ಕಾಣುತ್ತದೆ. ಕ್ಲಿನಿಕ್ ಮುಚ್ಚಿದ ಮೇಲೂ ನೋಡಿ ಆರಿಸಿಕೊಳ್ಳಬಹುದು:

(ಲಿಂಕ್ ಇಲ್ಲಿ, ಒಂದೇ ಸಾಲಿನಲ್ಲಿ)

ದುಡ್ಡು, ಓಟಿಪಿ ಏನೂ ಕೇಳುವುದಿಲ್ಲ. ಫೋನ್ ಮಾಡಿದರೂ ಆಯಿತು, ಮಧ್ಯಾಹ್ನ 2ರಿಂದ 4 ನಾನು ಬಿಡುವಾಗಿರುತ್ತೇನೆ."

ಕೊನೆಯ ಸಾಲು ನೋಡಿ. ಫೋನ್ ಮಾಡಬೇಡಿ ಅಂದಿಲ್ಲ. ಆದರೆ ಸಂಜೆ ಮಾಡುವವರು ನಿಧಾನಕ್ಕೆ ಮಧ್ಯಾಹ್ನಕ್ಕೆ ಸರಿಯುತ್ತಾರೆ. ನಿಮಗೆ ಬೇಕಿದ್ದದ್ದು ಅದೇ ಅಲ್ವಾ?

ಒಂದೇ_ಚೇರು

ಅಕ್ಕಾ, ಇದು ನಾನು ಬರೆದಿದ್ದಕ್ಕಿಂತ ನಾಲ್ಕು ಪಟ್ಟು ಉದ್ದ. ಓದುತ್ತಾರಾ?

ಫ್ರಂಟ್‌ಡೆಸ್ಕ್_ಅಕ್ಕ

ಹೆಸರಿದ್ದು, ಮೊದಲ ಎರಡು ಸಾಲಿನಲ್ಲಿ ತಮ್ಮ ವಿಷಯ ಇದ್ದರೆ ಓದುತ್ತಾರೆ. ಅರ್ಧ ಜನ ಎರಡನೇ ಪ್ಯಾರಾಕ್ಕೆ ಹೋಗುವುದೇ ಇಲ್ಲ, "ಗುರುವಾರ" ಅಂತ ಹಾಕಿ ಬಿಡುತ್ತಾರೆ. ಒಳ್ಳೆಯದೇ. ಅಂಥವರಿಗೆ ಮತ್ತೆ "ದಯವಿಟ್ಟು ಲಿಂಕ್‌ನಲ್ಲಿ ಕನ್ಫರ್ಮ್ ಮಾಡಿ" ಅಂತ ಮಾತ್ರ ಹೇಳಬೇಡಿ. ಸಮಯ ಹೇಳಿದವರಿಗೆ ಲಿಂಕ್ ತೋರಿಸುವುದು, ಊಟಕ್ಕೆ ಕೂತವರಿಗೆ ಅಡುಗೆಮನೆ ದಾರಿ ತೋರಿಸಿದ ಹಾಗೆ. ನೀವೇ ಕ್ಯಾಲೆಂಡರ್‌ಗೆ ಹಾಕಿ, "ಆಯ್ತು ಮೇಷ್ಟ್ರೇ, ಗುರುವಾರ 11 ಬರೆದೆ" ಅನ್ನಿ.

ಕೋಡ್_ಕಟ್ಟೆ

ಒಂದು ತೊಂದರೆ. ಮೇಷ್ಟ್ರಿಗೆ ಗುರುವಾರ 11 ಅಂತ ಹೇಳಿದಿರಿ. ಅವರು ಉತ್ತರ ಕೊಡುವಷ್ಟರಲ್ಲಿ ಇನ್ನೊಬ್ಬರು ಲಿಂಕ್‌ನಲ್ಲಿ ಅದೇ 11 ಎತ್ತಿಕೊಂಡರೆ?

ಫ್ರಂಟ್‌ಡೆಸ್ಕ್_ಅಕ್ಕ

ಅದಕ್ಕೆ ಮೆಸೇಜ್ ಕಳಿಸುವ ಮೊದಲೇ ಆ ಎರಡೂ ಸಮಯವನ್ನು ಕ್ಯಾಲೆಂಡರ್‌ನಲ್ಲಿ ಹಿಡಿದಿಡಬೇಕು. "ಮೇಷ್ಟ್ರಿಗೆ ಕೇಳಿದೆ" ಅಂತ ಒಂದು ಈವೆಂಟ್ ಹಾಕಿದರೆ ಸಾಕು, ಪೇಜ್‌ನಲ್ಲಿ ಆ ಸಮಯ ಕಾಣುವುದಿಲ್ಲ. ಮಾರನೇ ದಿನ ಸಂಜೆಯವರೆಗೆ ಉತ್ತರ ಬರದಿದ್ದರೆ ಅಳಿಸಿ.

ಇದೇ ಕಾರಣಕ್ಕೆ ಹದಿನೈದು ಜನಕ್ಕೆ ಒಟ್ಟಿಗೆ ಕಳಿಸಬೇಡಿ. ಮೂವತ್ತು ಸಮಯ ಹಿಡಿದಿಟ್ಟರೆ ಪೇಜ್‌ನಲ್ಲಿ ಆರಿಸಿಕೊಳ್ಳಲು ಸಮಯವೇ ಉಳಿಯುವುದಿಲ್ಲ. ದಿನಕ್ಕೆ ಮೂರು ನಾಲ್ಕು ಸಾಕು.

ಕೋಡ್_ಕಟ್ಟೆ

ಹಾಗಾದರೆ ಲಿಂಕ್‌ನಿಂದ ಉಳಿದದ್ದೇನು? ಅಕ್ಕ ಈಗ ಡೈರಿ ಬಿಟ್ಟು ಕ್ಯಾಲೆಂಡರ್‌ನಲ್ಲಿ ಸಮಯ ಹಿಡಿಯುತ್ತಾ ಕೂರಬೇಕು. ಇದು ಆಟೋಮೇಷನ್ ಅಲ್ಲ, ಡಬಲ್ ಕೆಲಸ. ನನ್ನ ಪ್ರಕಾರ ನೇರವಾಗಿ ಲಿಂಕ್ ಕೊಡಿ, ಮೂರು ತಿಂಗಳಲ್ಲಿ ಜನ ಒಗ್ಗಿಕೊಳ್ಳುತ್ತಾರೆ. ಯುಪಿಐಗೆ ಒಗ್ಗಿಕೊಂಡಿಲ್ವಾ? ಸೊಪ್ಪಿನ ಅಜ್ಜಿ ಹತ್ತಿರವೂ ಸ್ಕ್ಯಾನರ್ ಇದೆ.

ಗಣಿತ_ಮೇಡಂ

ಸೊಪ್ಪಿನ ಅಜ್ಜಿ ಇವತ್ತೂ ಚಿಲ್ಲರೆ ಕೊಟ್ಟರೆ ತಗೋತಾಳೆ. "ಸ್ಕ್ಯಾನರ್ ಮೂಲಕವೇ ಪಾವತಿಸತಕ್ಕದ್ದು" ಅಂತ ಬೋರ್ಡ್ ಹಾಕಿಲ್ಲ.

ಫ್ರಂಟ್‌ಡೆಸ್ಕ್_ಅಕ್ಕ

@ಕೋಡ್_ಕಟ್ಟೆ ಎಲ್ಲರಿಗೂ ಹೀಗೆ ಮಾಡಿ ಅಂತಿಲ್ಲ. ಹಳಬರಿಗೆ ಮೊದಲ ಸಲ ಮಾತ್ರ. ಒಮ್ಮೆ ಲಿಂಕ್ ಬಳಸಿದವರಿಗೆ ಮುಂದಿನ ಸಲ ಎರಡೇ ಸಾಲು ಸಾಕು. ಹೊಸಬರಿಗೆ, ರಾತ್ರಿ ಹತ್ತಕ್ಕೆ "ಟೈಮ್ ಇದ್ಯಾ" ಅಂತ ಮೆಸೇಜ್ ಹಾಕುವವರಿಗೆ ಸೀದಾ ಲಿಂಕ್ ಕೊಡಿ. ಅವರಿಗೆ ಅದೇ ಇಷ್ಟ. ಯಾರಿಗೆ ಯಾವುದು ಅಂತ ಆ ಅಸಿಸ್ಟೆಂಟ್ ಅಕ್ಕನಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವರನ್ನು ಕೇಳಿ ಕಳಿಸಿದ್ರಾ, ಇಲ್ಲಾ ನೀವೇ ಕೂತು ಕಳಿಸಿದ್ರಾ?

ಒಂದೇ_ಚೇರು

ನಾನೇ ಕಳಿಸಿದ್ದು. ಭಾನುವಾರ ಮಧ್ಯಾಹ್ನ.

ಬೆಣ್ಣೆದೋಸೆ_ಖಾಲಿ

ಭಾನುವಾರ ಮಧ್ಯಾಹ್ನ ಹಲ್ಲಿನ ಡಾಕ್ಟರ್ ಮೆಸೇಜ್. ಬಾಡೂಟ ಬಾಯಲ್ಲಿರುವಾಗ.

ಹುಬ್ಬಳ್ಳಿ_ಮಂದಿ

ನಮ್ಮದು ಹುಬ್ಬಳ್ಳಿಯಲ್ಲಿ ಬ್ಯೂಟಿ ಪಾರ್ಲರ್ ರೀ. ಇಷ್ಟೆಲ್ಲ ಯಾಕ ಬೇಕು? ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡ್ರಿ. ಒಂದೇ ಮೆಸೇಜ್ ಎಲ್ಲರಿಗೂ ಬೇರೆ ಬೇರೆ ಹೋಗ್ತದ, ಗ್ರೂಪ್ ಥರ ಕಾಣಂಗಿಲ್ಲ. ಲಿಂಕ್ ಉದ್ದ ಇದ್ದರೆ ಶಾರ್ಟ್ ಮಾಡಿ ಹಾಕ್ರಿ, ಚಂದ ಕಾಣ್ತದ.

ಕೋಡ್_ಕಟ್ಟೆ

ಬ್ರಾಡ್‌ಕಾಸ್ಟ್ ಅರ್ಧ ಸರಿ. ನಿಮ್ಮ ನಂಬರನ್ನು ಅವರ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಉಳಿದವರಿಗೆ ಹೋಗುವುದೇ ಇಲ್ಲ. ನಿಮ್ಮ ಕಡೆ ಒಂದೇ ಟಿಕ್ ನಿಂತಿರುತ್ತದೆ, ಫೋನ್ ಆಫ್ ಇರಬೇಕು ಅಂದುಕೊಂಡು ಸುಮ್ಮನಾಗುತ್ತೀರಿ. ಒಂದು ಲಿಸ್ಟ್‌ಗೆ 256 ಜನರ ಮಿತಿಯೂ ಇದೆ.

ಶಾರ್ಟ್ ಲಿಂಕ್ ಮಾತ್ರ ಖಂಡಿತ ಬೇಡ. ಅದರಲ್ಲಿ ಎಲ್ಲಿಗೆ ಹೋಗುತ್ತದೆ ಅಂತ ಕಾಣುವುದಿಲ್ಲ. ಈಗ ಪಾರ್ಸೆಲ್, ಕರೆಂಟ್ ಬಿಲ್, ಮದುವೆ ಕಾರ್ಡ್ ಅಂತೆಲ್ಲ ಮೋಸದ ಮೆಸೇಜ್ ಬರುತ್ತಿವೆ. ಮದುವೆ ಕಾರ್ಡ್ ಅಂತ ಎಪಿಕೆ ಫೈಲ್, ಅಂದರೆ ಫೋನಿಗೆ ಆ್ಯಪ್ ಇಳಿಸುವ ಫೈಲ್ ಕಳಿಸುತ್ತಾರೆ. ಮನೆಯಲ್ಲಿ ಮಕ್ಕಳು "ಯಾವ ಲಿಂಕನ್ನೂ ಒತ್ತಬೇಡ ಅಪ್ಪಾ" ಅಂತ ಹೇಳಿಕೊಟ್ಟಿರುತ್ತಾರೆ. ಮೇಷ್ಟ್ರು ಒತ್ತದೇ ಇದ್ದದ್ದು ಬೇಜಾರಿಗೋ ಭಯಕ್ಕೋ ಯಾರಿಗೆ ಗೊತ್ತು.

ಒಂದೇ_ಚೇರು

ನನ್ನದು `calendar.app.google/` ಅಂತ ಶುರುವಾಗಿ ಮುಂದೆ ಏನೇನೋ ಅಕ್ಷರ ಇದೆ. ಅದೂ ಶಾರ್ಟ್ ಲಿಂಕ್ ಥರವೇ ಕಾಣುತ್ತದಲ್ಲ?

ಕೋಡ್_ಕಟ್ಟೆ

ಗೂಗಲ್ ಅಂತಾದರೂ ಇದೆ, ಅಷ್ಟು ಸಮಾಧಾನ. ಅದಕ್ಕೇ ಲಿಂಕ್ ಏನು ತೆರೆಯುತ್ತದೆ ಅಂತ ಮೇಲೆ ಒಂದು ಸಾಲು ಬೇಕು. ಪ್ರಿವ್ಯೂ ಕೂಡ ಬರಬೇಕು, ಅಂದರೆ ಲಿಂಕ್ ಜೊತೆ ಪುಟದ ಹೆಸರು ಇರುವ ಸಣ್ಣ ಡಬ್ಬಿ. ಅದು ನಿಮ್ಮ ಫೋನಿನಲ್ಲೇ, ಕಳಿಸುವ ಮೊದಲೇ ತಯಾರಾಗುತ್ತದೆ. ಲಿಂಕ್ ಪೇಸ್ಟ್ ಮಾಡಿದ ತಕ್ಷಣ ಸೆಂಡ್ ಒತ್ತಿದರೆ ಬರೀ ನೀಲಿ ಅಕ್ಷರ ಹೋಗುತ್ತದೆ. ಎರಡು ಮೂರು ಸೆಕೆಂಡ್ ಕಾಯಿರಿ, ಡಬ್ಬಿ ಬಂದ ಮೇಲೆ ಕಳಿಸಿ. ಬುಕಿಂಗ್ ಪೇಜಿನ ಹೆಸರು ಏನಿಟ್ಟಿದ್ದೀರಿ?

ಒಂದೇ_ಚೇರು

ಈಗ ನೋಡಿದೆ. "ಟೆಸ್ಟ್ 2" ಅಂತಿದೆ.

ಬೆಣ್ಣೆದೋಸೆ_ಖಾಲಿ

🙏🙏

ಗಣಿತ_ಮೇಡಂ

ನನ್ನದೊಂದು ಅನುಭವ. ನಮ್ಮ ಟ್ಯೂಷನ್‌ಗೆ ಪೋಷಕರ ಭೇಟಿಗೆ ಲಿಂಕ್ ಕಳಿಸಿದ್ದೆ. ಕನ್ನಡದಲ್ಲಿ ಬರೆಯುವಾಗ ಲಿಂಕ್ ಪಕ್ಕದಲ್ಲೇ "ನಲ್ಲಿ" ಅಂತ ಸೇರಿಸಿಬಿಟ್ಟೆ, ಪ್ರತ್ಯಯ ಅಂಟಿಸಿ ಬರೆಯುವ ಅಭ್ಯಾಸ ನೋಡಿ. ಫೋನು ಆ "ನಲ್ಲಿ"ಯನ್ನೂ ಲಿಂಕಿನ ಭಾಗ ಅಂದುಕೊಂಡಿತು. ಒತ್ತಿದವರಿಗೆಲ್ಲ ಪುಟ ಸಿಗುತ್ತಿಲ್ಲ ಅಂತ ಬಂತು. ಒಬ್ಬರೂ ಹೇಳಲಿಲ್ಲ, ತಮ್ಮ ಫೋನಿನದೇ ತಪ್ಪು ಅಂದುಕೊಂಡು ಸುಮ್ಮನಾದರು. ಎರಡು ದಿನ ಆದ ಮೇಲೆ ಒಬ್ಬ ತಾಯಿ ಸ್ಕ್ರೀನ್‌ಶಾಟ್ ಕಳಿಸಿದಾಗ ಗೊತ್ತಾಯಿತು.

ಅಂದಿನಿಂದ ಲಿಂಕ್‌ಗೆ ಒಂದು ಸಾಲು ಪೂರ್ತಿ ಬಿಡುತ್ತೇನೆ. ಹಿಂದೆ ಮುಂದೆ ಏನೂ ಇಲ್ಲ, ಪೂರ್ಣವಿರಾಮವೂ ಇಲ್ಲ. ಮೊದಲು ನನ್ನ ಗಂಡನ ಫೋನಿಗೆ ಕಳಿಸಿ ಒತ್ತಿ ನೋಡುತ್ತೇನೆ.

ಹುಬ್ಬಳ್ಳಿ_ಮಂದಿ

ಇದು ನನಗೂ ಆಗಿತ್ತು ರೀ, ಯಾಕ ಅಂತ ಇವತ್ತು ತಿಳೀತು.

ಅಜ್ಜಿಮೊಮ್ಮಗ

ಎಸ್‌ಎಂಎಸ್ ಕಳಿಸಿ ಬಿಡಿ. ವಾಟ್ಸಾಪ್ ಇಲ್ಲದವರಿಗೂ ಹೋಗುತ್ತದೆ. ನಮ್ಮ ಅಜ್ಜಿಯ ಕೀಪ್ಯಾಡ್ ಫೋನಿಗೆ ಬ್ಯಾಂಕಿನಿಂದ ಕನ್ನಡದಲ್ಲೇ ಬರುತ್ತದೆ.

ಕೋಡ್_ಕಟ್ಟೆ

ಕೀಪ್ಯಾಡ್ ಫೋನಿಗೆ ಲಿಂಕ್ ಕಳಿಸಿ ಅಜ್ಜಿ ಏನು ಮಾಡಬೇಕು?

ಸಾಲದ್ದಕ್ಕೆ ಬ್ಯಾಂಕ್ ಥರ ಕಂಪನಿ ಹೆಸರಿನಿಂದ ಎಸ್‌ಎಂಎಸ್ ಕಳಿಸಬೇಕಾದರೆ ಡಿಎಲ್‌ಟಿ ಅನ್ನುವ ಟೆಲಿಕಾಂ ಕಂಪನಿಗಳ ಪೋರ್ಟಲ್‌ನಲ್ಲಿ ನೋಂದಣಿ, ಹೆಡರ್ ಅಂದರೆ ಕಳಿಸುವವರ ಹೆಸರು, ಮೆಸೇಜಿನ ಟೆಂಪ್ಲೇಟ್ ಎಲ್ಲ ಆಗಬೇಕು. 2024ರ ಅಕ್ಟೋಬರ್ 1ರಿಂದ ಅದರೊಳಗಿನ ಲಿಂಕನ್ನೂ ಮೊದಲೇ ವೈಟ್‌ಲಿಸ್ಟ್ ಮಾಡಿಸಬೇಕು, ಇಲ್ಲದಿದ್ದರೆ ಮೆಸೇಜ್ ಹೋಗುವುದಿಲ್ಲ. ಕನ್ನಡದಲ್ಲಿ ಬರೆದರೆ ಒಂದು ಎಸ್‌ಎಂಎಸ್‌ಗೆ 70 ಅಕ್ಷರ ಅಷ್ಟೇ, ಕೊಂಬು, ಒತ್ತಕ್ಷರ ಎಲ್ಲ ಬೇರೆ ಬೇರೆ ಲೆಕ್ಕ. ಲಿಂಕೇ ಅರ್ಧ ತಿಂದುಬಿಡುತ್ತದೆ. ಒಂದು ಚೇರಿನ ಕ್ಲಿನಿಕ್‌ಗೆ ಇದು ಅತಿಯಾಯಿತು.

ಅಜ್ಜಿಮೊಮ್ಮಗ

ಅಜ್ಜಿ ನನ್ನ ಕೈಗೆ ಕೊಡುತ್ತಾರೆ ಸ್ವಾಮಿ. ಅವರ ಆಧಾರ್‌ನಿಂದ ಹಿಡಿದು ಧರ್ಮಸ್ಥಳದ ರೂಮಿನ ತನಕ ಬುಕ್ ಮಾಡುವುದು ನಾನೇ. ಮೆಸೇಜ್ ಬರೆಯುವವರು ಇದನ್ನೂ ಯೋಚಿಸಿ. ಅರ್ಧ ಲಿಂಕ್‌ಗಳನ್ನು ಒತ್ತುವುದು ಮಕ್ಕಳು ಮೊಮ್ಮಕ್ಕಳು. ನನಗೆ ಅಜ್ಜಿಗೆ ಯಾವ ಹಲ್ಲು, ಏನು ಕೆಲಸ ಅಂತ ಗೊತ್ತಿರುವುದಿಲ್ಲ. ಪೇಜ್ ತೆರೆದರೆ "ಪ್ರೊಫಿಲಾಕ್ಸಿಸ್, ಆರ್‌ಸಿಟಿ, ಕನ್ಸಲ್ಟೇಶನ್" ಅಂತಿದ್ದರೆ ನಾನು ಯಾವುದು ಒತ್ತಲಿ?

ಫ್ರಂಟ್‌ಡೆಸ್ಕ್_ಅಕ್ಕ

ಇದು ತುಂಬಾ ಸರಿಯಾದ ಮಾತು. ಮೆಸೇಜ್‌ನಲ್ಲೇ "ಅಮ್ಮನವರ ಕ್ಲೀನಿಂಗ್‌ಗೆ, ಅರ್ಧ ಗಂಟೆ ಸಾಕು" ಅಂತ ಬರೆದರೆ ಮೊಮ್ಮಗನಿಗೂ ತಿಳಿಯುತ್ತದೆ. ಎಷ್ಟು ಹೊತ್ತು ಬೇಕು ಅಂತ ಗೊತ್ತಿದ್ದರೆ ಅಜ್ಜಿಯನ್ನು ಕರೆತರುವವರು ತಮ್ಮ ಕೆಲಸ ಹೊಂದಿಸಿಕೊಳ್ಳಬಹುದು.

@ಒಂದೇ_ಚೇರು ನಿಮ್ಮ ಪೇಜ್‌ನಲ್ಲಿ ರೂಟ್ ಕೆನಾಲ್ ಕೂಡ ಬುಕ್ ಆಗುತ್ತದಾ?

ಒಂದೇ_ಚೇರು

ಎಲ್ಲಾ ಅರ್ಧ ಗಂಟೆ ಸ್ಲಾಟ್. ಫ್ರೀ ಅಕೌಂಟ್‌ನಲ್ಲಿ ಒಂದೇ ಬುಕಿಂಗ್ ಪೇಜ್ ಸಿಗುತ್ತದೆ. ಹಾಗಾಗಿ ಹೌದು, ರೂಟ್ ಕೆನಾಲ್‌ನವರೂ ಅರ್ಧ ಗಂಟೆ ತಗೊಂಡು ಬಿಡಬಹುದು. ಅದಕ್ಕೆ ಅಪ್ಪ ಸಾಮಾನ್ಯವಾಗಿ ಒಂದು ಗಂಟೆ ಇಡುತ್ತಾರೆ.

ಫ್ರಂಟ್‌ಡೆಸ್ಕ್_ಅಕ್ಕ

ಹಾಗಾದರೆ ಲಿಂಕನ್ನು ಚೆಕಪ್ ಮತ್ತು ಕ್ಲೀನಿಂಗ್‌ಗೆ ಮಾತ್ರ ಇಡಿ. ರೂಟ್ ಕೆನಾಲ್‌ನ ಮುಂದಿನ ಸಿಟ್ಟಿಂಗ್ ಅನ್ನು ಚೇರಿನಿಂದ ಇಳಿಯುವಾಗಲೇ ಅಕ್ಕ ಬರೆದುಕೊಳ್ಳಲಿ. ನೋವು ಅಂತ ಮೆಸೇಜ್ ಬಂದರೆ ಲಿಂಕ್ ಕೊಡಲೇಬೇಡಿ. ಇದೊಂದು ಗಟ್ಟಿಯಾಗಿ ಹೇಳುತ್ತೇನೆ.

ನಮ್ಮಲ್ಲಿ ಆದದ್ದು. ಬೆನ್ನು ಹಿಡಿದುಕೊಂಡು ಏಳಲಾಗದ ಒಬ್ಬರು ರಾತ್ರಿ ಮೆಸೇಜ್ ಹಾಕಿದರು. ನಾವು ಆಟೋ ರಿಪ್ಲೈ ಮೆಸೇಜ್ ಇಟ್ಟಿದ್ದೆವು, ಕ್ಲಿನಿಕ್ ಮುಚ್ಚಿದ ಮೇಲೆ ಯಾರು ಬರೆದರೂ ತಾನಾಗಿ ಹೋಗುತ್ತಿತ್ತು: "ಧನ್ಯವಾದಗಳು! ನಿಮ್ಮ ಅನುಕೂಲದ ಸಮಯ ಇಲ್ಲಿ ಆರಿಸಿ 😊". ಅವರು ಲಿಂಕ್ ತೆರೆದರೆ ಮೂರು ದಿನ ಆದ ಮೇಲಿನ ಸಮಯ ಕಾಣಿಸಿತು. ಅವರು ಮತ್ತೆ ಬರಲಿಲ್ಲ. ಅವರ ತಂಗಿ ಆಮೇಲೆ ಬಂದು ಹೇಳಿದ್ದು, "ಅಣ್ಣ ನೋವು ಅಂದರೆ ನೀವು ನಗು ಮುಖ ಕಳಿಸಿದಿರಿ" ಅಂತ.

ಆಮೇಲೆ ಆ ಆಟೋ ರಿಪ್ಲೈ ಬದಲಿಸಿದೆವು. ಮೊದಲ ಸಾಲೇ "ನೋವು ಜಾಸ್ತಿ ಇದ್ದರೆ ಲಿಂಕ್ ನೋಡಬೇಡಿ, ನೋವು ಅಂತ ಬರೆದಿಡಿ, ಬೆಳಿಗ್ಗೆ 9ಕ್ಕೆ ನಾನೇ ಫೋನ್ ಮಾಡುತ್ತೇನೆ". ಲಿಂಕ್ ಅದರ ಕೆಳಗೆ. ಬೆಳಿಗ್ಗೆ 9ಕ್ಕೆ ಫೋನ್ ಮಾಡಲೂಬೇಕು, ಬರೆದು ಮರೆತರೆ ಮೊದಲಿನದೇ ವಾಸಿ.

ನ್ಯೂಜೆರ್ಸಿ_ಉಪ್ಪಿಟ್ಟು

ಇಲ್ಲಿ ನೌಕರಿ ಹುಡುಕುವಾಗ ನಾನು ಉಲ್ಟಾ ತಪ್ಪು ಮಾಡಿದೆ. ಒಬ್ಬ ಹಿರಿಯ ಕನ್ನಡಿಗರ ಹತ್ತಿರ ಸಲಹೆ ಕೇಳಬೇಕಿತ್ತು. "ನಿಮ್ಮ ಬಿಡುವಿನ ಸಮಯ ಇಲ್ಲಿ ಬುಕ್ ಮಾಡಿ" ಅಂತ ನನ್ನ ಕ್ಯಾಲೆಂಡ್ಲಿ ಲಿಂಕ್ ಕಳಿಸಿದೆ. ಉತ್ತರ ಬರಲಿಲ್ಲ. ಸಹಾಯ ಬೇಕಾದವನು ನಾನು, ನನ್ನ ಬಿಡುವು ನೋಡಿ ಅವರು ಹೊಂದಿಸಿಕೊಳ್ಳಬೇಕಂತೆ!

ಈಗ ಮೂರು ಸಮಯ ನಾನೇ ಬರೆಯುತ್ತೇನೆ, ಅವರ ಊರಿನ ಗಂಟೆಯಲ್ಲಿ. ಕೆಳಗೆ "ನಿಮ್ಮದೇ ಬುಕಿಂಗ್ ಲಿಂಕ್ ಇದ್ದರೆ ಕಳಿಸಿ, ಅದರಲ್ಲೇ ಹಾಕಿಕೊಳ್ಳುತ್ತೇನೆ" ಅಂತ ಒಂದು ಸಾಲು. ಬೆಂಗಳೂರಿನವರ ಜೊತೆಯಾದರೆ ಇನ್ನೂ ಹುಷಾರು. ಇಲ್ಲಿ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಹತ್ತೂವರೆ. ಪೇಜ್ ಅವರವರ ಊರಿನ ಗಂಟೆ ತೋರಿಸುತ್ತದೆ, ಮೆಸೇಜ್‌ನಲ್ಲಿ ನಾನು ಮೊದಲು ಬರೆಯುತ್ತಿದ್ದದ್ದು ನನ್ನ ಊರಿನದು. ಒಮ್ಮೆ ಒಬ್ಬರನ್ನು ಬೆಳಗಿನ ಜಾವ ಎಬ್ಬಿಸಿದ್ದೇನೆ.

ಗಣಿತ_ಮೇಡಂ

ಇದು ಚೆನ್ನಾಗಿದೆ. ಯಾರಿಗೆ ಕೆಲಸ ಬೇಕೋ ಅವರೇ ಮೊದಲು ಒಂದು ಹೆಜ್ಜೆ ಇಡಬೇಕು. ಆದರೆ ಕ್ಲಿನಿಕ್‌ನಲ್ಲಿ ಬೇಕಾದವರು ಯಾರು, ಪೇಷಂಟಾ, ಡಾಕ್ಟರಾ?

ಕೋಡ್_ಕಟ್ಟೆ

ಪೇಷಂಟ್ ತಾನಾಗೇ ಕೇಳಿದರೆ ಲಿಂಕ್ ಕೊಡುವುದು ಉತ್ತರ. ನೀವಾಗಿ ನೆನಪಿಸಿ ಲಿಂಕ್ ಕೊಟ್ಟರೆ ಗಿರಾಕಿ ಕರೆದ ಹಾಗೆ. ಅದಕ್ಕೆ ಎರಡನೆಯದು ಹೆಚ್ಚು ಮೆತ್ತಗೆ ಇರಬೇಕು, ಒಪ್ಪುತ್ತೇನೆ.

ಪಂಚಾಂಗ_ಪ್ರಿಯ

ಯಾರೂ ಹೇಳದ ಒಂದು ವಿಷಯ. ಮಂಗಳವಾರ 3ರಿಂದ 4:30 ರಾಹುಕಾಲ. ಆ ಸ್ಲಾಟ್ ಲಿಂಕ್‌ನಲ್ಲಿ ಖಾಲಿಯೇ ಉಳಿಯುತ್ತದೆ. ಡೈರಿ ಅಕ್ಕನಿಗಾದರೆ ಇದೆಲ್ಲ ಗೊತ್ತಿರುತ್ತದೆ, ಯಾರಿಗೆ ಕೊಡಬಹುದು, ಯಾರಿಗೆ ಬಾರದು ಅಂತ.

ಬೆಣ್ಣೆದೋಸೆ_ಖಾಲಿ

ಹಲ್ಲು ನೋವಿಗೆ ರಾಹುಕಾಲ ಇಲ್ಲ ಗುರುಗಳೇ.

ಪಂಚಾಂಗ_ಪ್ರಿಯ

ಕೀಳಿಸುವುದಕ್ಕೆ ಇದೆ.

ಫ್ರಂಟ್‌ಡೆಸ್ಕ್_ಅಕ್ಕ

ನಗಬೇಡಿ, ಇದು ನಿಜ. ಎರಡು ಸಮಯ ನಾನೇ ಆರಿಸಿ ಕೊಡುವಾಗ ಇದನ್ನೂ ನೋಡುತ್ತಿದ್ದೆ. ಕೇಳದೇ ಶುಕ್ರವಾರ ಬೆಳಿಗ್ಗೆ 11 ಕೊಟ್ಟರೆ ಕೆಲವರು "ಬೇರೆ ಕೆಲಸ ಇದೆ" ಅನ್ನುತ್ತಾರೆ. ರಾಹುಕಾಲ ಅಂತ ಬಾಯಿಬಿಟ್ಟು ಹೇಳುವುದಿಲ್ಲ.

ಒಂದೇ_ಚೇರು

ಹತ್ತು ದಿನ ಆಯಿತು, ಬಂದು ಹೇಳುತ್ತೇನೆ ಅಂದುಕೊಂಡಿದ್ದೆ.

ಮೊದಲು ಅಸಿಸ್ಟೆಂಟ್ ಅಕ್ಕನ ಜೊತೆ ಕೂತೆ. ಹದಿನೈದು ಹೆಸರಲ್ಲಿ ಆರು ಜನಕ್ಕೆ ಲಿಂಕೇ ಬೇಡ, ನಾನೇ ಫೋನ್ ಮಾಡುತ್ತೇನೆ ಅಂದರು. ಮೇಷ್ಟ್ರು ಆ ಆರರಲ್ಲಿ ಒಬ್ಬರು. ಪೇಜ್ ಹೆಸರು "ಹಲ್ಲಿನ ಚೆಕಪ್ ಮತ್ತು ಕ್ಲೀನಿಂಗ್" ಅಂತ ಬದಲಿಸಿದೆ. ಉಳಿದ ಒಂಬತ್ತು ಜನಕ್ಕೆ ಮೂರು ದಿನದಲ್ಲಿ ಅಕ್ಕನೇ ಮಧ್ಯಾಹ್ನ ಕೂತು ಕಳಿಸಿದರು. ಐದು ಜನ ಎರಡು ಸಮಯದಲ್ಲಿ ಒಂದನ್ನು ಹೇಳಿದರು. ಇಬ್ಬರು ಲಿಂಕ್‌ನಲ್ಲಿ ಹಾಕಿದರು, ಒಬ್ಬರು ರಾತ್ರಿ 11:40ಕ್ಕೆ. ಇಬ್ಬರದು ಏನೂ ಇಲ್ಲ.

ಒಂದು ಎಡವಟ್ಟೂ ಆಯಿತು. ಲಿಂಕ್‌ನಲ್ಲಿ ಹಾಕಿದವರು ಸಂಜೆ 6ಕ್ಕೆ ಬಂದರೆ ಚೇರ್ ಮೇಲೆ ಇನ್ನೊಬ್ಬರು. ಫೋನಿನಲ್ಲಿ ಬಂದದ್ದನ್ನು ಅಕ್ಕ ಡೈರಿಯಲ್ಲಿ ಬರೆದಿದ್ದರು, ಕ್ಯಾಲೆಂಡರ್‌ಗೆ ಹಾಕಿರಲಿಲ್ಲ. ಬಂದವರು ಫೋನ್ ತೋರಿಸಿ "ನಿಮ್ಮ ಕಂಪ್ಯೂಟರ್ರೇ ಹೇಳಿದ್ದು" ಅಂದರು. ಅಪ್ಪ ಇಬ್ಬರಿಗೂ ಕೈ ಮುಗಿದರು.

ಫ್ರಂಟ್‌ಡೆಸ್ಕ್_ಅಕ್ಕ

ಎಲ್ಲರಿಗೂ ಒಮ್ಮೆ ಆಗುವಂಥದ್ದೇ. ಎಷ್ಟು ಚಂದದ ಮೆಸೇಜ್ ಬರೆದರೂ ಇಂಥ ಒಂದು ಸಂಜೆ ಸಾಕು, ಎಲ್ಲ ಹೋಯಿತು. ಡೈರಿ ಮುಚ್ಚಿಡಿ. ಫೋನ್ ಬಂದರೂ ಕ್ಯಾಲೆಂಡರ್‌ನಲ್ಲೇ ನೋಡಿ ಅಲ್ಲೇ ಹಾಕಬೇಕು. ಎರಡು ಕಡೆ ಬರೆಯುವುದು ಒಂದು ವಾರ ನಡೆಯುತ್ತದೆ, ಎಂಟನೇ ದಿನ ಮರೆಯುತ್ತದೆ.

ಒಂದೇ_ಚೇರು

ಇನ್ನೊಂದು ಸಿಕ್ಕು. ಪೇಜ್ ಹೆಸರಿನ ಜೊತೆ ಇಮೇಲ್ ಕೇಳುತ್ತದೆ, ಅದಿಲ್ಲದೆ ಮುಂದೆ ಹೋಗುವುದಿಲ್ಲ. ಕೆಲವರಿಗೆ ಇಮೇಲ್ ನೆನಪಿಲ್ಲ. ಏನೂ ಉತ್ತರ ಕೊಡದ ಇಬ್ಬರಲ್ಲಿ ಒಬ್ಬರನ್ನು ಅಕ್ಕ ಕೇಳಿದರೆ, "ಅಲ್ಲಿಯವರೆಗೆ ಹೋದೆ, ಜಿಮೇಲ್ ಕೇಳಿತು, ಬಿಟ್ಟೆ" ಅಂದರಂತೆ. ಮೆಸೇಜ್‌ನಲ್ಲೇ "ಇಮೇಲ್ ಕೇಳುತ್ತದೆ, ಇಲ್ಲದಿದ್ದರೆ ನನಗೆ ಹೇಳಿ" ಅಂತ ಸೇರಿಸಲಾ?

ಕೋಡ್_ಕಟ್ಟೆ

ಸೇರಿಸಿ. ಅಥವಾ ಮೊಬೈಲ್ ನಂಬರ್ ಮಾತ್ರ ಕೇಳುವ ಬೇರೆ ಸಾಫ್ಟ್‌ವೇರ್ ನೋಡಿ, ಆದರೆ ಅದಕ್ಕೆ ತಿಂಗಳಿಗೆ ದುಡ್ಡು ಕೊಡಬೇಕಾಗಬಹುದು. ಕ್ಲಿನಿಕ್‌ನ ಇಮೇಲನ್ನೇ ಹಾಕಿ ಅಂತ ಪೇಷಂಟ್‌ಗಳಿಗೆ ಹೇಳಬೇಡಿ, ಕನ್ಫರ್ಮೇಷನ್, ಕ್ಯಾನ್ಸಲ್ ಮಾಡುವ ಲಿಂಕ್ ಎಲ್ಲ ನಿಮಗೇ ಬರುತ್ತದೆ, ಅವರಿಗೆ ಏನೂ ಇರುವುದಿಲ್ಲ.

ಗಣಿತ_ಮೇಡಂ

ಮೆಸೇಜ್ ಅಕ್ಕನ ಹೆಸರಿನಲ್ಲೇ ಹೋಯಿತಾ, ಡಾಕ್ಟರ್ ಹೆಸರಿನಲ್ಲಾ? ನನಗಾದರೆ ಡಾಕ್ಟರ್ ಹೆಸರಿದ್ದರೆ ಜಾಸ್ತಿ ಹಿತ.

ಫ್ರಂಟ್‌ಡೆಸ್ಕ್_ಅಕ್ಕ

ಬೇಡ. ಡಾಕ್ಟರ್ ಹೆಸರಿದ್ದರೆ ಉತ್ತರಕ್ಕೆ ಎಕ್ಸ್‌ರೇ ಫೋಟೋ ಬರುತ್ತದೆ, ಯಾವ ಮಾತ್ರೆ ತಗೋಬೇಕು ಅಂತ ಕೇಳುತ್ತಾರೆ. ಬರೆಯುವವರು ಯಾರೋ ಅವರ ಹೆಸರೇ ಇರಲಿ.

ಗಣಿತ_ಮೇಡಂ

ಅಕ್ಕ ಕೆಲಸ ಬಿಟ್ಟು ಹೋದರೆ?

ಹುಬ್ಬಳ್ಳಿ_ಮಂದಿ

ನಮ್ಮ ಪಾರ್ಲರ್ ಹುಡುಗಿ ಬಿಟ್ಟು ಹೋಗಿ ಎರಡು ವರ್ಷ ಆತು, ಮಂದಿ ಇನ್ನೂ ಅಕಿ ಹೆಸರು ಹಿಡಿದೇ ಮೆಸೇಜ್ ಹಾಕ್ತಾರ. ನಾನೂ ಅದೇ ಹೆಸರಿಲೆ ಉತ್ತರ ಕೊಡ್ತೇನಿ 😄

ಒಂದೇ_ಚೇರು

ಮೇಷ್ಟ್ರು ಗುರುವಾರ ಬಂದಿದ್ದರು. ಹೋಗುವಾಗ ಫೋನ್ ತೆಗೆದು, "ಆ ಲಿಂಕ್ ಅಂತಾರಲ್ಲ, ನಮ್ಮ ಮೊಮ್ಮಗಳಿಗೆ ಕಳಿಸಿಬಿಡಪ್ಪಾ, ಅವಳಿಗೆ ಕ್ಲಿಪ್ ಹಾಕಿಸಬೇಕಂತೆ" ಅಂದರು. ಕ್ಲಿಪ್‌ಗೆ ಅರ್ಧ ಗಂಟೆ ಸಾಲುತ್ತದಾ ಅಂತ ಅಪ್ಪನನ್ನು ಕೇಳಬೇಕು.